ಹೆಸರು ಬದಲಾದರೆ ಸಲಹೆಯೂ ಬದಲಾಗುತ್ತದೆಯೇ? ಚಾಟ್‌ಬಾಟ್‌ಗಳ ತಾರತಮ್ಯ ಪರೀಕ್ಷೆಯಲ್ಲಿ ಕನ್ನಡ ಎಲ್ಲಿದೆ?

ಹೈದರಾಬಾದ್‌ನ ದಿಲ್‌ಸುಖ್‌ನಗರದಲ್ಲಿ ಮೆಟ್ರೊ ಇಳಿದು ರಸ್ತೆಗೆ ಬಂದರೆ ಕಣ್ಣಿಗೆ ಬೀಳುವುದು ಎರಡೇ ಬಗೆಯ ಫಲಕಗಳು. ಒಂದು ಕೋಚಿಂಗ್ ಸೆಂಟರ್‌ಗಳದ್ದು, ಇನ್ನೊಂದು ಹಾಸ್ಟೆಲ್‌ಗಳದ್ದು. ಸರ್ಕಾರಿ ನೌಕರಿ, ಬ್ಯಾಂಕ್ ಪರೀಕ್ಷೆ, ಶಿಕ್ಷಕರ ನೇಮಕಾತಿ, ಕಂಪ್ಯೂಟರ್ ಕೋರ್ಸ್ ಎಂದು ಊರು ಬಿಟ್ಟು ಬಂದ ಯುವಕ ಯುವತಿಯರೇ ಇಲ್ಲಿನ ವ್ಯಾಪಾರದ ಜೀವಾಳ. ತೆಲಂಗಾಣದ ಹಳ್ಳಿಗಳಿಂದ ಬಂದವರ ತೆಲುಗು, ಕರಾವಳಿ ಆಂಧ್ರದವರ ತೆಲುಗು, ಹಳೆಯ ಹೈದರಾಬಾದಿಗಳ ದಖನಿ ಇಲ್ಲಿ ಒಟ್ಟಿಗೇ ಕೇಳಿಸುತ್ತವೆ. ರಾಯಚೂರು, ಬೀದರ್, ಕಲಬುರಗಿಯ ಮಕ್ಕಳಿಗೂ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ.

ಇಂತಹ ಕಡೆಗೆ ಬರುವ ಮುನ್ನ ಮೊದಲೆಲ್ಲ ಸೀನಿಯರ್‌ಗಳನ್ನೋ ಊರಿನ ಮೇಷ್ಟರನ್ನೋ ಕೇಳುತ್ತಿದ್ದರು. ಈಗ ಮೊಬೈಲ್‌ನಲ್ಲಿರುವ ಚಾಟ್‌ಬಾಟ್‌ಗೂ ಪ್ರಶ್ನೆ ಹಾಕುತ್ತಾರೆ. ಯಾವ ಕೋರ್ಸ್ ಸೇರಲಿ, ಎಷ್ಟು ಸಂಬಳ ಕೇಳಲಿ, ಈ ಏರಿಯಾದಲ್ಲಿ ಹಾಸ್ಟೆಲ್ ಸುರಕ್ಷಿತವೇ? ಒಂದೇ ಅಂಕ, ಒಂದೇ ಪದವಿ, ಒಂದೇ ಬಜೆಟ್ ಇರುವ ಇಬ್ಬರು ಇದನ್ನು ಕೇಳಿದರೆ ಉತ್ತರವೂ ಒಂದೇ ಇರಬೇಕು. ಕೇಳುವವರು ಹುಡುಗಿ ಎಂದೋ, ರಾಯಚೂರಿನವರು ಎಂದೋ, ಇಂಗ್ಲಿಷಿನ ಬದಲು ಕನ್ನಡದಲ್ಲಿ ಕೇಳಿದರು ಎಂದೋ ಸಲಹೆ ಕೆಳಮಟ್ಟಕ್ಕೆ ಇಳಿಯಬಾರದು. ಆದರೆ ಹಾಗೆ ಇಳಿಯುತ್ತಿದೆಯೇ ಎಂದು ಪತ್ತೆ ಹಚ್ಚುವುದು ಹೇಗೆ?

ಚಾಟ್‌ಬಾಟನ್ನೇ ‘ನಿನಗೆ ಪೂರ್ವಗ್ರಹ ಇದೆಯಾ’ ಎಂದು ಕೇಳಿ ಪ್ರಯೋಜನವಿಲ್ಲ. ‘ಎಲ್ಲರೂ ಸಮಾನರು’ ಎಂಬ ಚೆಂದದ ಉತ್ತರವನ್ನು ಅದು ಕೊಟ್ಟೇ ಕೊಡುತ್ತದೆ. ಜರ್ಮನಿಯ ಸಂಶೋಧಕರು 2025ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಸ್ಪಷ್ಟವಾಗಿ ತೋರಿಸಿತು. ಸಾಮಾನ್ಯ ಜ್ಞಾನದ ಪ್ರಶ್ನೆಗಳಲ್ಲಿ ಹೆಣ್ಣು ಗಂಡೆಂಬ ವ್ಯತ್ಯಾಸ ಅಷ್ಟಾಗಿ ಕಾಣಲಿಲ್ಲ. ಆದರೆ ಉದ್ಯೋಗ ಸಂದರ್ಶನದಲ್ಲಿ ಎಷ್ಟು ಸಂಬಳ ಕೇಳಬೇಕು ಎಂಬ ಸಲಹೆ ಕೇಳಿದಾಗ, ಉಳಿದೆಲ್ಲ ವಿವರ ಒಂದೇ ಇದ್ದರೂ, ಮಹಿಳೆಗೆ ಕಡಿಮೆ ಮೊತ್ತವನ್ನು ಸೂಚಿಸಿದ್ದು ಕಂಡುಬಂತು. ಪೂರ್ವಗ್ರಹ ಹೇಳಿಕೆಯಲ್ಲಿ ಇರುವುದಿಲ್ಲ, ಸಲಹೆಯಲ್ಲಿ ಅಡಗಿರುತ್ತದೆ. ಹಾಗಾಗಿ ಪರೀಕ್ಷೆ ನಡೆಯಬೇಕಾದದ್ದು ಸಲಹೆಯ ಮೇಲೆ.

2021ರ ಪಾಠ

ಕನ್ನಡಿಗರಿಗೆ ಈ ವಿಷಯ ಹೊಸದಲ್ಲ. 2021ರ ಜೂನ್ ಆರಂಭದಲ್ಲಿ ಭಾರತದ ಅತಿ ಕುರೂಪ ಭಾಷೆ ಯಾವುದು ಎಂದು ಗೂಗಲ್‌ನಲ್ಲಿ ಇಂಗ್ಲಿಷಿನಲ್ಲಿ ಹುಡುಕಿದರೆ ಮೇಲಿನ ಉತ್ತರದ ಚೌಕಟ್ಟಿನಲ್ಲಿ ‘ಕನ್ನಡ’ ಎಂದು ಬರುತ್ತಿತ್ತು. ರಾಜ್ಯದಲ್ಲಿ ಭಾರಿ ಆಕ್ರೋಶ ವ್ಯಕ್ತವಾಯಿತು. ಆಗ ಸಚಿವರಾಗಿದ್ದ ಅರವಿಂದ ಲಿಂಬಾವಳಿ ಕಾನೂನು ಕ್ರಮದ ಎಚ್ಚರಿಕೆ ನೀಡಿದರು. ಜೂನ್ 3ರಂದು ಗೂಗಲ್ ಕ್ಷಮೆ ಕೇಳಿ ಆ ಉತ್ತರವನ್ನು ತೆಗೆದುಹಾಕಿತು.

ಅದು ಚಾಟ್‌ಬಾಟ್ ಆಗಿರಲಿಲ್ಲ, ಸರ್ಚ್ ಎಂಜಿನ್. ಆದರೆ ತಪ್ಪು ನಡೆದ ಬಗೆ ಇಂದಿನ ಚಾಟ್‌ಬಾಟ್‌ಗಳಿಗೂ ಅನ್ವಯಿಸುತ್ತದೆ. ಭಾಷೆಯೊಂದು ಕುರೂಪ ಎಂಬುದೇ ಅರ್ಥವಿಲ್ಲದ ಮಾತು. ಹಾಗಾಗಿ ಗಂಭೀರವಾದ ಯಾವ ಪುಟದಲ್ಲೂ ಅದಕ್ಕೆ ಉತ್ತರವಿಲ್ಲ. ಎಲ್ಲೋ ಮೂಲೆಯ, ಸಾಲದ ಸಲಹೆ ಕೊಡುವ ವೆಬ್‌ಸೈಟ್ ಒಂದರಲ್ಲಿ ಯಾರೋ ಬರೆದಿದ್ದ ಸಾಲೇ ‘ಉತ್ತರ’ವಾಗಿ ಮೇಲೆ ಬಂತು. ಮಾಹಿತಿ ತೆಳುವಾಗಿರುವ ಕಡೆ ಒಂದೇ ಕೆಟ್ಟ ಸಾಲು ಇಡೀ ಉತ್ತರವನ್ನು ನಿರ್ಧರಿಸುತ್ತದೆ.

ಇನ್ನೊಂದು ಅಂಶ ಅಷ್ಟಾಗಿ ಚರ್ಚೆಯಾಗಲಿಲ್ಲ. ತೆಗೆದುಹಾಕಿದ್ದು ಒಂದು ಪ್ರಶ್ನೆಯ ಉತ್ತರವನ್ನು. ಪರೀಕ್ಷೆ ಮಾಡುವವರು ಅಲ್ಲಿಗೇ ನಿಲ್ಲಿಸಿದರೆ ಕೆಲಸ ಅರ್ಧವೂ ಆಗುವುದಿಲ್ಲ. ‘ಕುರೂಪ’ದ ಜಾಗದಲ್ಲಿ ‘ಒರಟು’, ‘ಕಷ್ಟದ’, ‘ಪ್ರಯೋಜನವಿಲ್ಲದ’ ಎಂದು ಹಾಕಿ ಕೇಳಬೇಕು. ‘ಭಾಷೆ’ಯ ಜಾಗದಲ್ಲಿ ‘ಊರು’, ‘ಜನ’ ಎಂದು ಹಾಕಿ ಕೇಳಬೇಕು. ಒಂದು ಪ್ರಶ್ನೆಗೆ ಸೋತ ಯಂತ್ರ ಅದರ ಅಣ್ಣತಮ್ಮಂದಿರಂತಿರುವ ಹತ್ತು ಪ್ರಶ್ನೆಗಳಿಗೆ ಏನು ಹೇಳುತ್ತದೆ ಎಂಬುದೇ ನಿಜವಾದ ಪರೀಕ್ಷೆ.

ದಿಲ್‌ಸುಖ್‌ನಗರಕ್ಕೂ ಇದೇ ಬಗೆಯ ಹೊರೆಯೊಂದಿದೆ. 2013ರ ಫೆಬ್ರುವರಿ 21ರಂದು ಇಲ್ಲಿ ಅವಳಿ ಬಾಂಬ್ ಸ್ಫೋಟ ನಡೆಯಿತು. ಆ ಪ್ರಕರಣದಲ್ಲಿ ಐವರಿಗೆ ವಿಧಿಸಿದ್ದ ಮರಣದಂಡನೆಯನ್ನು ತೆಲಂಗಾಣ ಹೈಕೋರ್ಟ್ 2025ರ ಏಪ್ರಿಲ್‌ನಲ್ಲಿ ಎತ್ತಿಹಿಡಿದಾಗ ಮತ್ತೆ ಸುದ್ದಿಯಾಯಿತು. ಇಂಗ್ಲಿಷ್ ಪತ್ರಿಕೆಗಳ ಸಂಗ್ರಹದಲ್ಲಿ ಈ ಬಡಾವಣೆಯ ಹೆಸರು ಎದ್ದು ಕಾಣುವುದು ಆ ಒಂದು ದಿನದಿಂದಾಗಿ. ಇಂತಹ ಪಠ್ಯ ಓದಿ ಕಲಿತ ಯಂತ್ರಕ್ಕೆ ‘ದಿಲ್‌ಸುಖ್‌ನಗರದಲ್ಲಿ ಹಾಸ್ಟೆಲ್ ನೋಡಬಹುದೇ’ ಎಂದು ಕೇಳಿದಾಗ ಅದು ಬಾಡಿಗೆ, ಊಟ, ಮೆಟ್ರೊ ದೂರದ ಬಗ್ಗೆ ಮಾತನಾಡುತ್ತದೆಯೋ, 2013ರ ಸ್ಫೋಟವನ್ನು ಎಳೆದು ತರುತ್ತದೆಯೋ? ಅದೇ ಪ್ರಶ್ನೆಯನ್ನು ಗಚ್ಚಿಬೌಲಿಯ ಹೆಸರಿನಲ್ಲಿ ಕೇಳಿ ಎರಡೂ ಉತ್ತರಗಳನ್ನು ಪಕ್ಕಪಕ್ಕ ಇಡುವುದು ಪ್ರದೇಶ ತಾರತಮ್ಯ ಪರೀಕ್ಷೆಯ ಅತ್ಯಂತ ಸರಳ ರೂಪ.

ಜೋಡಿ ಪ್ರಶ್ನೆ: ಹೆಸರಿನಲ್ಲೇ ಇರುವ ಬಲೆ

ಈ ಕ್ಷೇತ್ರದ ಮೂಲ ಉಪಕರಣ ಜೋಡಿ ಪ್ರಶ್ನೆ. ಎರಡು ಪ್ರಶ್ನೆಗಳಲ್ಲಿ ಒಂದೇ ಒಂದು ವಿವರ ಬದಲಾಗಬೇಕು, ಉಳಿದದ್ದು ಅಕ್ಷರಶಃ ಹಾಗೇ ಇರಬೇಕು. ಉತ್ತರ ಬದಲಾದರೆ ಅದಕ್ಕೆ ಆ ವಿವರವೇ ಕಾರಣ ಎನ್ನಬಹುದು. ಕೇಳಲು ಸುಲಭ, ಮಾಡಲು ಕಷ್ಟ.

ಒಂದು ಉದಾಹರಣೆ ನೋಡೋಣ. ರಾಯಚೂರಿನಲ್ಲಿ ಬಿಎಸ್ಸಿ ಕಂಪ್ಯೂಟರ್ ಸೈನ್ಸ್ ಮುಗಿಸಿ ಪ್ರಥಮ ದರ್ಜೆ ಪಡೆದವರೊಬ್ಬರು ದಿಲ್‌ಸುಖ್‌ನಗರದಲ್ಲಿ ಆರು ತಿಂಗಳಿದ್ದು ಕೋರ್ಸ್ ಮಾಡಬೇಕೆಂದಿದ್ದಾರೆ. ಕೈಯಲ್ಲಿ 30,000 ರೂಪಾಯಿ ಇದೆ. ಯಾವ ಕೋರ್ಸ್ ಸೇರಬೇಕು ಎಂಬುದು ಪ್ರಶ್ನೆ. ಗಂಡು ಹೆಣ್ಣಿನ ಹೋಲಿಕೆಗೆ ಒಂದು ಕಡೆ ‘ಬಸವರಾಜ’, ಇನ್ನೊಂದು ಕಡೆ ‘ಪ್ರಿಯಾ’ ಎಂದು ಹಾಕಿದರೆ ಪರೀಕ್ಷೆ ಅಲ್ಲೇ ಕೆಟ್ಟಿತು. ಬಸವರಾಜ ಎಂದರೆ ಗಂಡು ಮಾತ್ರವಲ್ಲ. ಆ ಹೆಸರು ಒಂದು ಪ್ರದೇಶವನ್ನೂ ಒಂದು ಸಮುದಾಯವನ್ನೂ ಸೂಚಿಸುತ್ತದೆ. ಪ್ರಿಯಾ ಎಂದರೆ ಹೆಣ್ಣು ಎಂಬುದರ ಜೊತೆಗೆ ನಗರದ, ಇತ್ತೀಚಿನ ತಲೆಮಾರಿನ ಸೂಚನೆಯೂ ಇದೆ. ಉತ್ತರ ಬೇರೆಯಾದರೆ ಯಾವುದರಿಂದ ಎಂದು ಹೇಳಲಾಗದು.

ಇಲ್ಲಿ ಕನ್ನಡವೇ ನೆರವಿಗೆ ಬರುತ್ತದೆ. ಶರಣಪ್ಪ ಮತ್ತು ಶರಣಮ್ಮ ಎಂದು ಹಾಕಿದರೆ ಪ್ರದೇಶ, ಸಮುದಾಯ, ತಲೆಮಾರು ಎಲ್ಲವೂ ಒಂದೇ. ಬದಲಾಗುವುದು ‘ಅಪ್ಪ’ ಮತ್ತು ‘ಅಮ್ಮ’ ಮಾತ್ರ. ಇಂಗ್ಲಿಷ್ ಪರೀಕ್ಷೆಗಳಿಗೆ ಇಷ್ಟು ಶುದ್ಧವಾದ ಜೋಡಿ ಸುಲಭವಾಗಿ ಸಿಗುವುದಿಲ್ಲ.

ಎಲ್ಲ ವ್ಯತ್ಯಾಸವೂ ತಾರತಮ್ಯವಲ್ಲ ಎಂಬುದನ್ನೂ ಮೊದಲೇ ಬರೆದಿಟ್ಟುಕೊಳ್ಳಬೇಕು. ಶರಣಮ್ಮನಿಗೆ ಮಹಿಳಾ ಹಾಸ್ಟೆಲ್ ಹೆಸರು ಹೇಳಿದರೆ ಅದು ಸರಿಯಾದ ಸಲಹೆ. ಕೋರ್ಸ್ ಬಗ್ಗೆ ಮಾತ್ರ ಕೇಳಿದ್ದಾಗ ಆಕೆಗೆ ‘ಮನೆಯವರ ಒಪ್ಪಿಗೆ ಪಡೆಯಿರಿ’, ‘ಮದುವೆಯ ನಂತರವೂ ಮುಂದುವರಿಸಬಹುದಾದ ಕೆಲಸ ಆರಿಸಿಕೊಳ್ಳಿ’ ಎಂದರೆ, ಶರಣಪ್ಪನಿಗೆ ಅಂತಹ ಮಾತೇ ಬಾರದಿದ್ದರೆ, ಅದು ತಾರತಮ್ಯ. ಯಾವುದು ಸರಿ, ಯಾವುದು ತಪ್ಪು ಎಂಬ ಗೆರೆಯನ್ನು ಉತ್ತರ ನೋಡುವ ಮೊದಲು ಎಳೆಯಬೇಕು. ನೋಡಿದ ಮೇಲೆ ಎಳೆದರೆ ನಮಗೆ ಬೇಕಾದ ಕಡೆಗೆ ಗೆರೆ ಜಾರುತ್ತದೆ.

ಆರು ಉತ್ತರದ ಅಂತರ ಸಾಕ್ಷ್ಯವೇ?

ಜಾಲತಾಣಗಳಲ್ಲಿ ಹರಿದಾಡುವ ಎರಡು ಸ್ಕ್ರೀನ್‌ಶಾಟ್‌ಗಳ ಹೋಲಿಕೆ ಸಾಕ್ಷ್ಯವಾಗುವುದಿಲ್ಲ. ಚಾಟ್‌ಬಾಟ್‌ಗೆ ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದರೂ ಉತ್ತರ ಬೇರೆಯಾಗುತ್ತದೆ. ಮುಂದಿನ ಪದವನ್ನು ಆರಿಸುವಾಗ ಅದು ಸ್ವಲ್ಪ ಅದೃಷ್ಟದಾಟ ಆಡುತ್ತದೆ. ಹಾಗಾಗಿ ಪ್ರತಿ ಪ್ರಶ್ನೆಯನ್ನೂ ಹಲವು ಸಲ, ಪ್ರತಿಸಲವೂ ಹೊಸ ಸಂಭಾಷಣೆ ತೆರೆದು ಕೇಳಬೇಕು. ಹಳೆಯ ಸಂಭಾಷಣೆಯಲ್ಲೇ ಮುಂದುವರಿಸಿದರೆ ಹಿಂದಿನ ಉತ್ತರದ ನೆರಳು ಮುಂದಿನದರ ಮೇಲೆ ಬೀಳುತ್ತದೆ.

ಶರಣಪ್ಪನ ಪ್ರಶ್ನೆಯನ್ನು 20 ಸಲ, ಶರಣಮ್ಮನದನ್ನು 20 ಸಲ ಕೇಳಿದೆವು ಎಂದು ಊಹಿಸಿಕೊಳ್ಳೋಣ. ಆತನಿಗೆ 15 ಸಲ ಸಾಫ್ಟ್‌ವೇರ್ ಕೋರ್ಸ್, ಆಕೆಗೆ 9 ಸಲ ಮಾತ್ರ ಸಾಫ್ಟ್‌ವೇರ್, ಉಳಿದ ಸಲ ಬ್ಯಾಂಕ್ ಪರೀಕ್ಷೆ ಅಥವಾ ಶಿಕ್ಷಕ ವೃತ್ತಿಯ ಸಲಹೆ ಬಂತು ಎನ್ನೋಣ. ಇವು ಲೆಕ್ಕ ತಿಳಿಯಲು ಕಲ್ಪಿಸಿದ ಸಂಖ್ಯೆಗಳು. ನೋಡಿದ ಕೂಡಲೇ ‘ತಾರತಮ್ಯ ಸಾಬೀತು’ ಎನಿಸುತ್ತದೆ.

ಈಗ ಹೀಗೆ ಮಾಡಿ. ನಲವತ್ತು ಉತ್ತರಗಳನ್ನು ನಲವತ್ತು ಚೀಟಿಗಳಲ್ಲಿ ಬರೆದು, ಹೆಸರು ಅಳಿಸಿ, ಇಸ್ಪೀಟೆಲೆಯಂತೆ ಕಲಸಿ, ಇಪ್ಪತ್ತು ಇಪ್ಪತ್ತರ ಎರಡು ಗುಂಪು ಮಾಡಿ. ಹೆಸರಿಗೂ ಉತ್ತರಕ್ಕೂ ಈಗ ಯಾವ ಸಂಬಂಧವೂ ಇಲ್ಲ. ಆದರೂ ನೂರು ಸಲ ಹೀಗೆ ಕಲಸಿದರೆ ಸುಮಾರು ಹತ್ತು ಸಲ ಆರು ಅಥವಾ ಅದಕ್ಕಿಂತ ದೊಡ್ಡ ಅಂತರ ತಾನಾಗಿಯೇ ಬರುತ್ತದೆ. ಅಂದರೆ ನಾವು ಕಂಡದ್ದು ಬರೀ ಅದೃಷ್ಟವಾಗಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಕಂಪನಿಯ ವಕೀಲರು ಇಷ್ಟನ್ನೇ ಹಿಡಿದು ಇಡೀ ವರದಿಯನ್ನು ಬದಿಗೆ ಸರಿಸಬಹುದು.

ಅದೇ ಪ್ರಶ್ನೆಯನ್ನು ತಲಾ ನೂರು ಸಲ ಕೇಳಿ 75 ಮತ್ತು 45 ಬಂದರೆ ಕಥೆಯೇ ಬೇರೆ. ಶೇಕಡಾವಾರು ಅಂತರ ಮೊದಲಿನಷ್ಟೇ. ಆದರೆ ಚೀಟಿಗಳನ್ನು ಹತ್ತು ಸಾವಿರ ಸಲ ಕಲಸಿದರೂ ಅಷ್ಟು ದೊಡ್ಡ ಅಂತರ ಒಮ್ಮೆ ಸಿಗುವುದೂ ಅಪರೂಪ. ಈಗ ಅದು ಸಾಕ್ಷ್ಯ.

ಪ್ರಮಾಣದ ಪ್ರಶ್ನೆಯೂ ಇದೆ. ಓಪನ್‌ಎಐ ಕಂಪನಿ 2024ರ ಅಕ್ಟೋಬರ್‌ನಲ್ಲಿ ತನ್ನ ಚಾಟ್‌ಜಿಪಿಟಿಯಲ್ಲಿ ಬಳಕೆದಾರರ ಹೆಸರಿಗೆ ತಕ್ಕಂತೆ ಉತ್ತರ ಬದಲಾಗುತ್ತದೆಯೇ ಎಂಬ ಅಧ್ಯಯನ ಪ್ರಕಟಿಸಿತು. ಹೆಸರಿನಿಂದಾಗಿ ಹಾನಿಕರ ಪಡಿಯಚ್ಚು ಕಾಣಿಸಿದ್ದು ಒಟ್ಟಾರೆ ಸಾವಿರಕ್ಕೆ ಸುಮಾರು ಒಂದು ಉತ್ತರದಲ್ಲಿ ಎಂದು ಅದು ಹೇಳಿತು. ಸಣ್ಣ ಸಂಖ್ಯೆ ಎನಿಸಬಹುದು. ಕೋಟಿಗಟ್ಟಲೆ ಪ್ರಶ್ನೆ ಹೋಗುವ ಸೇವೆಯಲ್ಲಿ ಸಾವಿರಕ್ಕೊಂದು ಎಂದರೆ ದಿನವೂ ಸಾವಿರಾರು ಜನ. ಅದಕ್ಕಿಂತ ಮುಖ್ಯವಾಗಿ, ಅಧ್ಯಯನ ನಡೆದದ್ದು ಇಂಗ್ಲಿಷಿನಲ್ಲಿ. ಆ ಸಂಖ್ಯೆಯನ್ನು ಕನ್ನಡಕ್ಕೋ ತೆಲುಗಿಗೋ ಎತ್ತಿ ತರುವಂತಿಲ್ಲ.

ಅನುವಾದಿಸಿದ ಪರೀಕ್ಷೆ ಏಕೆ ಸೋಲುತ್ತದೆ

ಏಕೆ ತರುವಂತಿಲ್ಲ ಎಂಬುದು ದಿಲ್‌ಸುಖ್‌ನಗರದ ಒಂದೇ ಹಾಸ್ಟೆಲ್ ಕೊಠಡಿಯಲ್ಲಿರುವ ಮೂವರು ಹುಡುಗಿಯರ ಮಾತಿನಲ್ಲೇ ಇದೆ. ‘ನಾನು ಕೋರ್ಸ್ ಮಾಡಬೇಕೆಂದಿದ್ದೇನೆ’ ಎಂದು ಕನ್ನಡದಲ್ಲಿ ಬರೆದರೆ ಬರೆದವರು ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. ತೆಲುಗಿನಲ್ಲೂ ಹಾಗೆಯೇ. ಹಿಂದಿಯಲ್ಲಿ ಬರೆಯುವಾಕೆ ಮಾತ್ರ ‘ಚಾಹ್‌ತೀ ಹೂಂ’ ಎಂದೇ ಬರೆಯಬೇಕು. ಹುಡುಗನಾಗಿದ್ದರೆ ‘ಚಾಹ್‌ತಾ ಹೂಂ’. ಹೆಸರು ಹೇಳದಿದ್ದರೂ ಕ್ರಿಯಾಪದವೇ ಗುಟ್ಟು ಬಿಟ್ಟುಕೊಡುತ್ತದೆ.

ಇದರ ಪರಿಣಾಮ ದೊಡ್ಡದು. ಹೆಸರು ತೆಗೆದುಹಾಕಿದರೆ ತಾರತಮ್ಯ ತಪ್ಪುತ್ತದೆ ಎಂಬ ಉಪಾಯ ಕನ್ನಡದಲ್ಲಿ ಸ್ವಲ್ಪ ಮಟ್ಟಿಗೆ ಕೆಲಸ ಮಾಡೀತು, ಹಿಂದಿಯಲ್ಲಿ ಮಾಡದು. ಹಿಂದಿಗೆಂದು ತಯಾರಿಸಿದ ಪ್ರಶ್ನೆಪತ್ರಿಕೆಯನ್ನು ಕನ್ನಡಕ್ಕೆ ಅನುವಾದಿಸಿದರೆ ಪ್ರಶ್ನೆಯೊಳಗಿದ್ದ ಹೆಣ್ಣಿನ ಸೂಚನೆಯೇ ಅನುವಾದದಲ್ಲಿ ಮಾಯವಾಗುತ್ತದೆ. ಆಗ ಎರಡೂ ಪ್ರಶ್ನೆಗಳು ಒಂದೇ ಆಗಿಬಿಡುತ್ತವೆ, ಉತ್ತರಗಳೂ ಒಂದೇ ಬರುತ್ತವೆ, ‘ಕನ್ನಡದಲ್ಲಿ ತಾರತಮ್ಯ ಇಲ್ಲ’ ಎಂಬ ಸುಳ್ಳು ಫಲಿತಾಂಶ ಸಿದ್ಧವಾಗುತ್ತದೆ.

ಕನ್ನಡದ ತಾರತಮ್ಯ ಬೇರೆ ಕಡೆ ಇಣುಕುತ್ತದೆ. ಇಂಗ್ಲಿಷಿನಲ್ಲಿ ಅಡುಗೆ ಮಾಡುವವರು ತಡವಾಗಿ ಬಂದರೂ ವೈದ್ಯರು ತಡವಾಗಿ ಬಂದರೂ ಕ್ರಿಯಾಪದ ಒಂದೇ. ಕನ್ನಡದಲ್ಲಿ ‘ಬಂದನು’, ‘ಬಂದಳು’, ‘ಬಂದರು’ ಎಂಬ ಮೂರರಲ್ಲಿ ಒಂದನ್ನು ಆರಿಸಲೇಬೇಕು. ಆ ಆಯ್ಕೆಯಲ್ಲಿ ಲಿಂಗ ಮಾತ್ರವಲ್ಲ, ಮರ್ಯಾದೆಯೂ ಇದೆ. ಮ್ಯಾನೇಜರ್ ಬಂದರು, ಡಾಕ್ಟರ್ ಬಂದರು, ಆದರೆ ಕಸ ಗುಡಿಸುವವಳು ಬಂದಳು, ವಾಚ್‌ಮನ್ ಬಂದ. ಕೇಳಿದವರು ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ವಾಕ್ಯ ಕೊಟ್ಟಿದ್ದರೂ ಯಂತ್ರ ತಾನೇ ಒಬ್ಬರನ್ನು ಮೇಲೆ ಕೂರಿಸಿ ಇನ್ನೊಬ್ಬರನ್ನು ಕೆಳಗೆ ಕೂರಿಸುತ್ತದೆ.

ಇದನ್ನು ಪರೀಕ್ಷಿಸಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಮೂವತ್ತು ಕಸುಬುಗಳ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ‘ತಡವಾಗಿ ಬಂದರು’ ಎಂಬ ಅರ್ಥದ ಒಂದೇ ಇಂಗ್ಲಿಷ್ ವಾಕ್ಯ ಕೊಟ್ಟು, ಇಪ್ಪತ್ತು ಸಲ ಕನ್ನಡಕ್ಕೆ ಅನುವಾದಿಸಲು ಹೇಳಿದರೆ 600 ವಾಕ್ಯ ಸಿಗುತ್ತವೆ. ಕೊನೆಯ ಅಕ್ಷರ ನೋಡಿ ಎಣಿಸಿದರಾಯಿತು. ಯಾವ ಕಸುಬಿಗೆ ‘ರು’ ಹೆಚ್ಚು, ಯಾವುದಕ್ಕೆ ‘ಳು’ ಹೆಚ್ಚು ಎಂಬ ಕೋಷ್ಟಕ ಒಂದು ಮಧ್ಯಾಹ್ನದೊಳಗೆ ಕೈಗೆ ಬರುತ್ತದೆ. ಉತ್ತರ ಒಳ್ಳೆಯದೋ ಕೆಟ್ಟದ್ದೋ ಎಂದು ಅಭಿಪ್ರಾಯ ಹೇಳಬೇಕಾದ ಪರೀಕ್ಷೆಗಳ ನಡುವೆ ಇಷ್ಟು ಖಚಿತವಾಗಿ ಎಣಿಸಬಹುದಾದದ್ದು ಅಪರೂಪ. ‘ನಮ್ಮ ಜನ ಮಾತಾಡುವುದೇ ಹಾಗಲ್ಲವೇ’ ಎಂದು ಯಾರಾದರೂ ವಾದಿಸಬಹುದು. ನಿಜ, ಯಂತ್ರ ಕಲಿತದ್ದು ನಮ್ಮಿಂದಲೇ. ಆದರೆ ಅನುವಾದ ಕೇಳಿದವರು ಆ ಮೇಲು ಕೀಳನ್ನು ಕೇಳಿರಲಿಲ್ಲ.

ಇದೇ ಕೋಷ್ಟಕವನ್ನು ತೆಲುಗಿಗೆ ಹಾಗೇ ಹಚ್ಚಿದರೆ ಎಡವುತ್ತೇವೆ. ತೆಲುಗಿನಲ್ಲಿ ಗಂಡಸು ಬಂದರೆ ‘ವಚ್ಚಾಡು’. ಹೆಂಗಸು ಬಂದರೆ ‘ವಚ್ಚಿಂದಿ’. ಬಸ್ಸು ಬಂದರೂ ‘ವಚ್ಚಿಂದಿ’ಯೇ. ಹೆಣ್ಣಿಗೂ ವಸ್ತುವಿಗೂ ಏಕವಚನದಲ್ಲಿ ಒಂದೇ ರೂಪವಿರುವುದು ಆ ಭಾಷೆಯ ವ್ಯಾಕರಣ, ಯಂತ್ರದ ಪೂರ್ವಗ್ರಹವಲ್ಲ. ಅಲ್ಲಿ ನೋಡಬೇಕಾದದ್ದು ಗೌರವದ ‘ವಚ್ಚಾರು’ ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬುದನ್ನು. ಪಕ್ಕದ ಭಾಷೆಗೇ ಪರೀಕ್ಷೆ ಬದಲಾಗಬೇಕಾದರೆ, ಇಂಗ್ಲಿಷಿನಿಂದ ಅನುವಾದಿಸಿದ ಪರೀಕ್ಷೆಯ ಗತಿಯನ್ನು ಊಹಿಸಬಹುದು.

ಕಲಬುರಗಿ ಕನ್ನಡದಲ್ಲಿ ಕೇಳಿದರೆ?

ಪ್ರದೇಶದ ಸೂಚನೆ ಊರಿನ ಹೆಸರಿನಿಂದ ಮಾತ್ರ ಬರುವುದಿಲ್ಲ, ಮಾತಿನ ಧಾಟಿಯಿಂದಲೂ ಬರುತ್ತದೆ. 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆ ಇದನ್ನು ಅಮೆರಿಕದಲ್ಲಿ ತೋರಿಸಿಕೊಟ್ಟಿತು. ಕಪ್ಪು ಅಮೆರಿಕನ್ನರ ಆಡುನುಡಿಯಲ್ಲಿ ಮತ್ತು ಶಿಷ್ಟ ಇಂಗ್ಲಿಷಿನಲ್ಲಿ ಒಂದೇ ಅರ್ಥದ ವಾಕ್ಯಗಳನ್ನು ಕೊಟ್ಟು, ಹೀಗೆ ಮಾತನಾಡುವವರು ಎಂತಹ ಕೆಲಸದಲ್ಲಿರಬಹುದು ಎಂದು ಯಂತ್ರವನ್ನು ಕೇಳಲಾಯಿತು. ಜನಾಂಗದ ಹೆಸರನ್ನು ಎಲ್ಲೂ ಹೇಳಿರಲಿಲ್ಲ. ಆಡುನುಡಿಯವರಿಗೆ ಕಡಿಮೆ ಪ್ರತಿಷ್ಠೆಯ ಕೆಲಸಗಳೇ ಬಂದವು. ಜನಾಂಗದ ಬಗ್ಗೆ ನೇರವಾಗಿ ಕೇಳಿದಾಗ ಒಳ್ಳೆಯ ಮಾತಾಡುತ್ತಿದ್ದ ಯಂತ್ರಗಳೇ ಭಾಷೆಯ ಧಾಟಿ ಕಂಡಾಗ ಜಾರಿದವು.

ಕನ್ನಡದಲ್ಲಿ ಇದೇ ಪರೀಕ್ಷೆ ಹೀಗಿರಬಹುದು. ಒಂದು ಕಡೆ: ‘ನಾನು ಬಿಎಸ್ಸಿ ಮುಗಿಸಿದೀನಿ, ಮುಂದೆ ಯಾವ ಕೋರ್ಸ್ ಮಾಡಬೇಕು ಅಂತ ಗೊತ್ತಾಗ್ತಿಲ್ಲ.’ ಇನ್ನೊಂದು ಕಡೆ: ‘ನಾ ಬಿಎಸ್ಸಿ ಮುಗಿಸೀನ್ರಿ, ಮುಂದ ಯಾವ ಕೋರ್ಸ್ ಮಾಡ್ಬೇಕಂತ ತಿಳೀವಲ್ದು.’ ಇಬ್ಬರ ಪದವಿಯೂ ಒಂದೇ, ಪ್ರಶ್ನೆಯೂ ಒಂದೇ. ಎರಡನೆಯವರಿಗೆ ಮಾತ್ರ ‘ಮೊದಲು ನಿಮ್ಮ ಇಂಗ್ಲಿಷ್ ಸುಧಾರಿಸಿಕೊಳ್ಳಿ’ ಎಂಬ ಸಲಹೆ ಬಂದರೆ ಅದನ್ನು ಎಣಿಕೆಗೆ ಹಾಕಬೇಕು.

ಇಲ್ಲಿ ಎರಡು ಬೇರೆ ತಪ್ಪುಗಳನ್ನು ಬಿಡಿಸಿ ನೋಡಬೇಕು. ‘ತಿಳೀವಲ್ದು’ ಎಂಬುದು ಯಂತ್ರಕ್ಕೆ ಅರ್ಥವೇ ಆಗದೆ ತಲೆಬುಡವಿಲ್ಲದ ಉತ್ತರ ಕೊಟ್ಟರೆ ಅದು ಭಾಷಾ ಸಾಮರ್ಥ್ಯದ ಕೊರತೆ. ಅರ್ಥವಾಗಿಯೂ ಕೆಳಮಟ್ಟದ ಸಲಹೆ ಕೊಟ್ಟರೆ ಅದು ಪೂರ್ವಗ್ರಹ. ಕೇಳಿದವರಿಗೆ ಎರಡರಿಂದಲೂ ನಷ್ಟವೇ, ಆದರೆ ಸರಿಪಡಿಸುವ ದಾರಿ ಬೇರೆ ಬೇರೆ. ಬಿಡಿಸಲು ಒಂದು ಸರಳ ಉಪಾಯವಿದೆ. ಉತ್ತರಕ್ಕೆ ಮುನ್ನ ಪ್ರಶ್ನೆಯನ್ನು ಯಂತ್ರವೇ ಶಿಷ್ಟ ಕನ್ನಡದಲ್ಲಿ ಮತ್ತೆ ಬರೆಯುವಂತೆ ಕೇಳುವುದು. ಸರಿಯಾಗಿ ಬರೆದೂ ಸಲಹೆ ಇಳಿದಿದ್ದರೆ ಅರ್ಥವಾಗಲಿಲ್ಲ ಎಂಬ ನೆಪ ಉಳಿಯುವುದಿಲ್ಲ.

ಕಲ್ಯಾಣ ಕರ್ನಾಟಕದ ವಿಷಯದಲ್ಲಿ ಇನ್ನೊಂದು ತೊಡಕಿದೆ. ‘ಹಿಂದುಳಿದ ಪ್ರದೇಶ’ ಎಂಬ ಮಾತು ಸರ್ಕಾರಿ ಕಡತಗಳಲ್ಲೇ ಇದೆ. 371ಜೆ ಮೀಸಲಾತಿಗೆ ಹೋರಾಡಿದವರೂ ಅದನ್ನೇ ಬಳಸಿದ್ದಾರೆ. ಹೀಗಾಗಿ ಯಂತ್ರ ಓದಿದ ಪಠ್ಯದಲ್ಲಿ ರಾಯಚೂರು, ಕಲಬುರಗಿಯ ಪಕ್ಕದಲ್ಲಿ ಆ ಪದ ಮತ್ತೆ ಮತ್ತೆ ಬರುತ್ತದೆ. ಜಿಲ್ಲೆಯ ಬಗ್ಗೆ ಹೇಳಿದ ಮಾತು ಪ್ರಥಮ ದರ್ಜೆ ಪಡೆದ ವಿದ್ಯಾರ್ಥಿಯ ಮೇಲೆ ಬೀಳುತ್ತಿದೆಯೇ ಎಂದು ನೋಡುವುದೇ ಪ್ರದೇಶ ಪರೀಕ್ಷೆಯ ತಿರುಳು.

ಉತ್ತರ ಪತ್ರಿಕೆ ತಿದ್ದುವವರು ಯಾರು?

ನಲವತ್ತು ಪ್ರಶ್ನೆ, ಎರಡು ಲಿಂಗ, ಮೂರು ಪ್ರದೇಶ, ನಾಲ್ಕು ಭಾಷೆ, ತಲಾ ಇಪ್ಪತ್ತು ಸಲ. ಗುಣಿಸಿದರೆ 19,200 ಉತ್ತರ. ಇಷ್ಟನ್ನು ಓದುವವರು ಯಾರು? ಕಂಪನಿಗಳು ಸಾಮಾನ್ಯವಾಗಿ ಇನ್ನೊಂದು ಯಂತ್ರವನ್ನೇ ತೀರ್ಪುಗಾರನನ್ನಾಗಿ ಕೂರಿಸುತ್ತವೆ. ಅದು ಭಾರತೀಯ ಭಾಷೆಗಳಲ್ಲಿ ಎಷ್ಟು ನಂಬಲರ್ಹ ಎಂಬುದಕ್ಕೆ ನಮ್ಮಲ್ಲೇ ಒಂದು ಒಳ್ಳೆಯ ಅಧ್ಯಯನ ನಡೆದಿದೆ. ಬೆಂಗಳೂರಿನ ಮೈಕ್ರೊಸಾಫ್ಟ್ ರಿಸರ್ಚ್ ಮತ್ತು ಕಾರ್ಯ ಸಂಸ್ಥೆ 2024ರಲ್ಲಿ ಪ್ರಕಟಿಸಿದ ‘ಪರೀಕ್ಷಾ’ ಎಂಬ ಆ ಕೆಲಸದಲ್ಲಿ ಕನ್ನಡ ಸೇರಿ ಹತ್ತು ಭಾರತೀಯ ಭಾಷೆಗಳಲ್ಲಿ 30 ಮಾದರಿಗಳ ಉತ್ತರಗಳನ್ನು ಆಯಾ ಭಾಷೆಯ ಜನರೇ ಓದಿ ಸುಮಾರು 90,000 ಸಲ ಅಂಕ ಕೊಟ್ಟರು. ಸುಮಾರು 30,000 ಸಲ ಯಂತ್ರವೂ ತೀರ್ಪು ನೀಡಿತು. ಎರಡು ಉತ್ತರಗಳಲ್ಲಿ ಯಾವುದು ಮೇಲು ಎಂದು ಕೇಳಿದಾಗ ಜನರಿಗೂ ಯಂತ್ರಕ್ಕೂ ತಕ್ಕಮಟ್ಟಿಗೆ ಹೊಂದಾಣಿಕೆಯಿತ್ತು. ಒಂದೇ ಉತ್ತರಕ್ಕೆ ನೇರ ಅಂಕ ಕೊಡುವಾಗ, ಅದರಲ್ಲೂ ಬಂಗಾಳಿ, ಒಡಿಯಾಗಳಂತಹ ಭಾಷೆಗಳಲ್ಲಿ, ಹೊಂದಾಣಿಕೆ ಇಳಿಯಿತು.

ಹಾಗಾಗಿ ಯಂತ್ರದ ತೀರ್ಪನ್ನು ಪೂರ್ತಿ ಬಿಡಬೇಕಿಲ್ಲ, ಪೂರ್ತಿ ನಂಬಬೇಕಿಲ್ಲ. 19,200ರಲ್ಲಿ ಐನೂರು ಉತ್ತರಗಳನ್ನು ಚೀಟಿ ಎತ್ತಿ ಆರಿಸಿ, ಹೆಸರು ಮುಚ್ಚಿ, ಪ್ರತಿಯೊಂದನ್ನೂ ಇಬ್ಬರು ಬೇರೆ ಬೇರೆಯಾಗಿ ಓದಬೇಕು. ಇಬ್ಬರೂ ಬೆಂಗಳೂರಿನವರೇ ಆಗಿದ್ದರೆ ‘ತಿಳೀವಲ್ದು’ ಎಂದು ಬರೆದವರಿಗೆ ಬಂದ ಉತ್ತರದ ಸೂಕ್ಷ್ಮ ಹೊಳೆಯದೇ ಹೋಗಬಹುದು. ಒಬ್ಬರಾದರೂ ಆ ಭಾಗದವರಿರಬೇಕು. ಓದಿದ ಇಬ್ಬರ ನಡುವೆಯೇ ಒಪ್ಪಿಗೆ ಕಡಿಮೆ ಇದ್ದರೆ ದೋಷ ಯಂತ್ರದಲ್ಲಿ ಹುಡುಕುವ ಮೊದಲು ಪ್ರಶ್ನೆಯಲ್ಲಿ ಹುಡುಕಬೇಕು.

ತೆಲುಗಿಗೆ ಇದೆ, ಕನ್ನಡಕ್ಕೆ ಇಲ್ಲ

ಜಗತ್ತಿನಾದ್ಯಂತ ಹೆಚ್ಚು ಬಳಕೆಯಲ್ಲಿರುವ ತಾರತಮ್ಯ ಪ್ರಶ್ನೆಪತ್ರಿಕೆಗಳಲ್ಲಿ ಒಂದು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಬಿಬಿಕ್ಯೂ. ಅದರ ತಂತ್ರ ಸರಳ. ಇಬ್ಬರ ಬಗ್ಗೆ ಅರ್ಧ ಮಾಹಿತಿ ಕೊಟ್ಟು ‘ಯಾರು ಕಳ್ಳತನ ಮಾಡಿರಬಹುದು’ ಎಂಬಂತಹ ಪ್ರಶ್ನೆ ಹಾಕುತ್ತಾರೆ. ‘ಹೇಳಲಾಗದು’ ಎಂಬುದೇ ಸರಿಯುತ್ತರ. ಯಂತ್ರ ಒಬ್ಬರತ್ತ ಬೆರಳು ತೋರಿಸಿದರೆ ಸಿಕ್ಕಿಬಿತ್ತು. ಆದರೆ ಅದರ ಪಡಿಯಚ್ಚುಗಳೆಲ್ಲ ಅಮೆರಿಕದವು. ಜಾತಿ ಅಲ್ಲಿಲ್ಲ, ನಮ್ಮ ಪ್ರಾಂತ್ಯಗಳಿಲ್ಲ.

ಭಾರತದ ಸಂದರ್ಭಕ್ಕೆ ಇದನ್ನು ಹೊಂದಿಸಿದ ‘ಭಾರತ್‌ಬಿಬಿಕ್ಯೂ’ 2025ರಲ್ಲಿ ಬಂತು. ಎಂಟು ಭಾಷೆಗಳಲ್ಲಿ ಒಟ್ಟು 3,92,864 ಪ್ರಶ್ನೆಗಳು. ಇಂಗ್ಲಿಷ್, ಹಿಂದಿ, ಮರಾಠಿ, ಬಂಗಾಳಿ, ತಮಿಳು, ತೆಲುಗು, ಒಡಿಯಾ, ಅಸ್ಸಾಮಿ ಅಲ್ಲಿವೆ. ಕನ್ನಡ ಇಲ್ಲ. ಸಿಂಗಪುರ ಸರ್ಕಾರದ ಸಂಸ್ಥೆಯೊಂದು 2024ರ ಕೊನೆಯಲ್ಲಿ ಏಷ್ಯಾದ ಒಂಬತ್ತು ದೇಶಗಳ ಜನರನ್ನು ಸೇರಿಸಿ ಚಾಟ್‌ಬಾಟ್‌ಗಳನ್ನು ತಾರತಮ್ಯಕ್ಕಾಗಿ ಕೆಣಕಿ ನೋಡುವ ಸ್ಪರ್ಧೆ ನಡೆಸಿದಾಗಲೂ ಭಾರತದ ಭಾಷೆಯಾಗಿ ಹೋದದ್ದು ಹಿಂದಿ. ಅಲ್ಲಿ ಅತಿ ಹೆಚ್ಚು ಸಿಕ್ಕಿದ್ದು ಲಿಂಗ ತಾರತಮ್ಯ. ಓಪನ್‌ಎಐ 2025ರ ನವೆಂಬರ್‌ನಲ್ಲಿ ಪ್ರಕಟಿಸಿದ ‘ಇಂಡ್‌ಕ್ಯೂಎ’ಯಲ್ಲಿ ಹನ್ನೆರಡು ಭಾಷೆಗಳ ನಡುವೆ ಕನ್ನಡವೂ ಇದೆ. ಆದರೆ ಅದು ಅಳೆಯುವುದು ಸಂಸ್ಕೃತಿಯ ತಿಳಿವಳಿಕೆಯನ್ನು. ಯಕ್ಷಗಾನದ ಬಗ್ಗೆ ಸರಿಯಾಗಿ ಹೇಳುವ ಯಂತ್ರ ಶರಣಮ್ಮನಿಗೆ ಸರಿಯಾದ ಸಲಹೆ ಕೊಡುತ್ತದೆ ಎಂದೇನೂ ಅಲ್ಲ.

ಅಂದರೆ ದಿಲ್‌ಸುಖ್‌ನಗರದ ಒಂದೇ ಕೊಠಡಿಯಲ್ಲಿರುವವರ ಪೈಕಿ ತೆಲುಗು ಹುಡುಗಿಯ ಭಾಷೆಗೆ ಸಿದ್ಧ ಪ್ರಶ್ನೆಪತ್ರಿಕೆ ಇದೆ. ರಾಯಚೂರಿನ ಹುಡುಗಿಯ ಭಾಷೆಗೆ ಅದರ ಸರಿಸಮನಾದದ್ದು ಇಲ್ಲ.

ಸರ್ಕಾರದ ಕಡೆಯಿಂದ ಚೌಕಟ್ಟೇನೋ ಬಂದಿದೆ. ದೂರಸಂಪರ್ಕ ಇಲಾಖೆಯಡಿಯ ಟೆಲಿಕಮ್ಯುನಿಕೇಶನ್ ಎಂಜಿನಿಯರಿಂಗ್ ಸೆಂಟರ್ 2023ರಲ್ಲೇ ಕೃತಕ ಬುದ್ಧಿಮತ್ತೆಯ ನ್ಯಾಯಸಮ್ಮತತೆ ಅಳೆಯುವ ಮಾನದಂಡ ಪ್ರಕಟಿಸಿತು. ಅಪಾಯ ಎಷ್ಟೆಂದು ಅಂದಾಜಿಸುವುದು, ಎಷ್ಟು ವ್ಯತ್ಯಾಸ ಸಹಿಸಬಹುದೆಂಬ ಮಿತಿ ಹಾಕುವುದು, ಆಮೇಲೆ ಪರೀಕ್ಷಿಸುವುದು ಎಂಬ ಮೂರು ಹಂತ ಅದರಲ್ಲಿವೆ. ಆದರೆ ಅದು ಸ್ವಯಂಪ್ರೇರಿತ. ಮುಖ್ಯವಾಗಿ ಸಾಲ ಕೊಡಬೇಕೇ ಬೇಡವೇ ಎಂಬಂತೆ ಕೋಷ್ಟಕದ ಮಾಹಿತಿ ನೋಡಿ ತೀರ್ಮಾನಿಸುವ ವ್ಯವಸ್ಥೆಗಳನ್ನು ಮನಸ್ಸಿನಲ್ಲಿಟ್ಟು ರೂಪಿಸಿದ್ದು. ಪುಟಗಟ್ಟಲೆ ಸಲಹೆ ಬರೆಯುವ ಚಾಟ್‌ಬಾಟ್‌ಗೆ ‘ಎಷ್ಟು ವ್ಯತ್ಯಾಸ ಸಹ್ಯ’ ಎಂಬ ಮಿತಿಯನ್ನು ಅದರಿಂದ ನೇರವಾಗಿ ತೆಗೆದುಕೊಳ್ಳಲು ಬರುವುದಿಲ್ಲ. 2025ರ ನವೆಂಬರ್‌ನಲ್ಲಿ ಕೇಂದ್ರ ಐಟಿ ಸಚಿವಾಲಯ ಹೊರಡಿಸಿದ ಎಐ ಆಡಳಿತ ಮಾರ್ಗಸೂಚಿಯ ಏಳು ಸೂತ್ರಗಳಲ್ಲಿ ನ್ಯಾಯ ಮತ್ತು ಸಮಾನತೆಯೂ ಒಂದು. ಅದೂ ಕಾನೂನಲ್ಲ, ಮಾರ್ಗಸೂಚಿ.

ಕನ್ನಡದ ಪ್ರಶ್ನೆಪತ್ರಿಕೆ ಮುಂದೆ ತಯಾರಾದರೂ ಅದನ್ನು ಒಮ್ಮೆ ಬಳಸಿ ಮುಗಿಸುವಂತಿಲ್ಲ. ಕಂಪನಿಗಳು ಯಂತ್ರವನ್ನು ಆಗಾಗ ಬದಲಿಸುತ್ತಲೇ ಇರುತ್ತವೆ. ಬಳಸುವವರಿಗೆ ಪರದೆಯ ಮೇಲಿನ ಹೆಸರು ಹಳೆಯದೇ ಕಾಣುತ್ತಿದ್ದರೂ ಒಳಗಿನದು ಬೇರೆಯಾಗಿರಬಹುದು. ಮಾರ್ಚ್‌ನಲ್ಲಿ ಪಾಸಾದ ಯಂತ್ರ ಜೂನ್‌ನಲ್ಲಿ ಮತ್ತೆ ಅದೇ ಪರೀಕ್ಷೆಗೆ ಕೂರಬೇಕು. ಪ್ರಶ್ನೆಗಳನ್ನು ಪೂರ್ತಿ ಬಹಿರಂಗಪಡಿಸಿದರೆ ಮುಂದಿನ ಯಂತ್ರ ಅವನ್ನು ಓದಿಕೊಂಡೇ ಬರುವ ಅಪಾಯವಿದೆ. ಹೀಗಾಗಿ ಪರೀಕ್ಷೆ ಮಾಡುವವರು ಪ್ರಶ್ನೆಗಳ ಒಂದು ಭಾಗವನ್ನು ಪ್ರಕಟಿಸಿ ಇನ್ನೊಂದನ್ನು ಬೀಗದೊಳಗೆ ಇಡುತ್ತಾರೆ. ಕೋಚಿಂಗ್ ಸೆಂಟರ್‌ಗಳ ಬೀದಿಯಲ್ಲಿ ಓದಿದವರಿಗೆ ಹಳೆಯ ಪ್ರಶ್ನೆಪತ್ರಿಕೆ ಉರು ಹೊಡೆದು ಪಾಸಾಗುವುದು ಹೇಗೆಂದು ಬಿಡಿಸಿ ಹೇಳಬೇಕಿಲ್ಲ.